ವಾಚಿನ ಹೆಜ್ಜೆ, ಮೊಬೈಲಿನ ಹೆಜ್ಜೆ

"ವಾಚು 9,000 ಹೆಜ್ಜೆ ತೋರಿಸುತ್ತದೆ, ಮೊಬೈಲು 6,000. ವಾಚು ಸುಳ್ಳು ಲೆಕ್ಕ ಕೊಡುತ್ತದೆ."

ಹಾಗೆ ಹೇಳಲಾಗದು. ಮೇಜಿನ ಮೇಲೆ ಬಿಟ್ಟ ಮೊಬೈಲಿಗೆ ನೀವು ಅಡುಗೆಮನೆಗೆ ಹೋಗಿಬಂದದ್ದು ತಿಳಿಯುವುದೇ ಇಲ್ಲ. ವಾಚು ಮಾತ್ರ ಕೈಯಲ್ಲೇ ಇರುತ್ತದೆ. ಆದರೆ ಅದು ಓದುವುದು ಕೈಯ ಅಲುಗಾಟವನ್ನು. ಬಟ್ಟೆ ಉಜ್ಜುವಾಗ ಇಲ್ಲದ ಹೆಜ್ಜೆ ಸೇರಬಹುದು, ಮಗುವಿನ ತಳ್ಳುಗಾಡಿ ಹಿಡಿದು ನಡೆದರೆ ಇದ್ದ ಹೆಜ್ಜೆಯೂ ತಪ್ಪಬಹುದು.

ಇಡೀ ದಿನದ ಮೊತ್ತವನ್ನು ಹೋಲಿಸಬೇಡಿ. ಮೊಬೈಲನ್ನು ಪ್ಯಾಂಟಿನ ಜೇಬಿನಲ್ಲಿಟ್ಟು ಎರಡರ ಅಂಕಿಯನ್ನೂ ಬರೆದುಕೊಳ್ಳಿ. ಕೈಬೀಸಿ, ಎಣಿಸುತ್ತಾ 500 ಹೆಜ್ಜೆ ನಡೆಯಿರಿ. ಎರಡು ನಿಮಿಷ ಬಿಟ್ಟು ನೋಡಿ: ವಾಚಿನಲ್ಲಿ 490, ಮೊಬೈಲಿನಲ್ಲಿ 505 ಹೆಚ್ಚಿದ್ದರೆ ಎರಡೂ ಸರಿಯಾಗಿಯೇ ಎಣಿಸುತ್ತಿವೆ. ವಾಚಿನಲ್ಲಿ 400 ಬಂದರೆ ಅದರ ಪಟ್ಟಿ ಬಿಗಿಮಾಡಿ ಮತ್ತೆ ನಡೆಯಿರಿ. ಮೊಬೈಲಿನ ಆರೋಗ್ಯ ಆ್ಯಪ್ ಎರಡೂ ಲೆಕ್ಕವನ್ನು ಬೆರೆಸಿ ತೋರಿಸಬಹುದು. ಪ್ರತಿ ಸಾಧನದ ಅಂಕಿಯನ್ನು ಬೇರೆಯಾಗಿಯೇ ನೋಡಿ.