ಕೂಸು ಹುಟ್ಟೋ ಮುಂಚೆ ಕುಲಾವಿ

ನಮ್ಮೂರು ಗುಳೇದಗುಡ್ಡದ ಹತ್ತಿರ. ಬಸ್ ಸ್ಟ್ಯಾಂಡಿನ ಎದುರು ಟೈಲರ್ ಕಾಕಾನ ಅಂಗಡಿ. ಕಾಲಲ್ಲಿ ತುಳಿಯುವ ಒಂದು ಹೊಲಿಗೆ ಯಂತ್ರ, ಒಂದು ಕತ್ತರಿ, ಗೋಡೆ ತುಂಬ ಮೊಳೆ. ಕಾಕಾನ ಹೆಸರು ಹಾಕಲ್ಲ, ಹಾಕಿದರೆ ಬೈಯುತ್ತಾರೆ.

ಹೋದ ವರ್ಷ ಅವರಿಗೊಂದು ವೆಬ್‌ಸೈಟ್ ಮಾಡಿಕೊಟ್ಟೆ. ವೆಬ್‌ಸೈಟ್ ಅಂದರೆ ಒಂದೇ ಪುಟ. ಖರ್ಚಿಲ್ಲದೆ ಇಡಲು ಜಾಗ ಸಿಕ್ಕಿತ್ತು, ಸುಮ್ನೆ ಮಾಡಿದ್ದು. ಕಾಕಾ ತಮ್ಮ ಹಳೇ ಬ್ಯಾನರ್ ತಂದುಕೊಟ್ಟು "ಇದನ್ನ ಹಾಕಿಬಿಡು ತಮ್ಮಾ" ಎಂದರು. ಅದರಲ್ಲಿ ಒಬ್ಬ ಸಿನಿಮಾ ನಟಿಯ ಚಿತ್ರ, ಪಕ್ಕದಲ್ಲಿ "ಎಲ್ಲ ತರಹದ ಲೇಟೆಸ್ಟ್ ಡಿಸೈನರ್ ಬ್ಲೌಸ್ ಹೊಲಿದು ಕೊಡಲಾಗುವುದು" ಅಂತ ದಪ್ಪಕ್ಷರ.

ನನ್ನ ಜಗಳ ಶುರುವಾಗೋದೇ ಇಲ್ಲಿ. ನಮ್ಮ ಕಡೆಯ ಸಣ್ಣ ಅಂಗಡಿಗಳ ಪುಟ ತೆರೆದು ನೋಡಿ, ಹತ್ತರಲ್ಲಿ ಒಂಬತ್ತು ಹೀಗೇ ಇರುತ್ತವೆ. ಬ್ಯಾನರಿನ ಫೋಟೋ ತೆಗೆದು ಅಂಟಿಸಿರುತ್ತಾರೆ. ನಮ್ಮ ಕಣ್ಣಿಗೆ ಅದು ಅಕ್ಷರ, ಗೂಗಲ್‌ಗೆ ಬರೀ ಚಿತ್ರ. ಡಿಟಿಪಿ ಅಂಗಡಿಯಿಂದ ಫೈಲ್ ತಂದು ಅಕ್ಷರವನ್ನೇ ಅಂಟಿಸೋಣ ಎಂದರೆ ಅದು ಹಳೇ ನುಡಿ ಫಾಂಟಿನದ್ದು. ಪುಟದಲ್ಲಿ ಹಾಕಿದ ಕೂಡಲೇ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಆಗುತ್ತದೆ. ಯುನಿಕೋಡಿಗೆ ಬದಲಾಯಿಸದೆ ಅದನ್ನು ಯಾರೂ ಹುಡುಕಲಾರರು. ಅಷ್ಟೆಲ್ಲ ಮಾಡಿದರೂ ಉಳಿಯೋದೇನು? "ಡಿಸೈನರ್ ಬ್ಲೌಸ್". ಆ ಮಾತಿನ ಸಂತೆಯಲ್ಲಿ ನಮ್ಮ ಕಾಕಾನನ್ನು ಯಾರು ಕೇಳ್ತಾರೆ?

ಬ್ಯಾನರ್ ಪಕ್ಕಕ್ಕಿಟ್ಟು ಕೇಳಿದೆ, "ಕಾಕಾ, ಬ್ಯಾರೆ ಯಾರೂ ಹೊಲಿಯದ್ದು ನೀವೇನ್ ಹೊಲಿತೀರಿ?"

ಸ್ವಲ್ಪ ಯೋಚಿಸಿ, "ಕುಂಚಿಗಿ ಹೊಲಿತೀನಿ. ಆದ್ರ ಈಗ ಯಾರ ಕೇಳ್ತಾರ ಅದನ್ನ?" ಎಂದರು.

ದಕ್ಷಿಣದ ಗೆಳೆಯರಿಗಾಗಿ ಒಂದು ಮಾತು. ಕುಲಾವಿ ಅಂದರೆ ಕೂಸಿನ ಟೋಪಿ. ಕುಂಚಿಗೆ ಅಂದರೆ ಟೋಪಿಯ ಜೊತೆ ಬೆನ್ನ ಮೇಲೆ ಇಳಿಬೀಳುವ ಸೆರಗೂ ಇರುತ್ತದೆ. ಖಣದ ಬಟ್ಟೆಯನ್ನು ಮಡಚಿ, ತಲೆಯ ಹಿಂದೆ ಒಂದು ಹೊಲಿಗೆ ಹಾಕಿ, ಒಳಗೆ ಮೆತ್ತನೆಯ ಹತ್ತಿ ಅಸ್ತರ ಕೊಡುತ್ತಾರೆ. ಗದ್ದದ ಕೆಳಗೆ ಕಟ್ಟಲು ಲಾಡಿ, ನೆತ್ತಿಯ ಮೇಲೆ ಗೊಂಡೆ. ಮಗಳ ಬಾಣಂತನಕ್ಕೆ ತವರಿನವರು ಮಾಡಿಸುವ ಸಾಮಾನಿನಲ್ಲಿ ಇದೂ ಒಂದು.

ಹಾಗಾಗಿ ಪುಟದ ಮೊದಲ ಸಾಲಿನಲ್ಲೇ ಕುಂಚಿಗೆ, ಕುಂಚಗಿ, ಕುಲಾವಿ ಅಂತ ಮೂರನ್ನೂ ಬರೆದೆ. ಜನ ಹೇಗೆ ಅನ್ನುತ್ತಾರೋ ಹಾಗೆ ಟೈಪ್ ಮಾಡುತ್ತಾರೆ ಅಲ್ವಾ? ಫೋಟೋ ಹಿಂದೆಯೂ ಅದು ಏನೆಂದು ಅಕ್ಷರದಲ್ಲಿ ಬರೆದೆ:

```html
<img src="kunchige.jpg" alt="ಗುಳೇದಗುಡ್ಡ ಖಣದ ಕುಂಚಿಗೆ, ಹಸಿರು, ಕೆಂಪು ಅಂಚು">
```

ಎರಡು ತಿಂಗಳು ಏನೂ ಆಗಲಿಲ್ಲ. ಆಮೇಲೊಂದು ದಿನ ಬೆಳಗ್ಗೆ ಕಾಕಾ ಫೋನ್ ಹಿಡಿದುಕೊಂಡು ಮನೆಗೇ ಬಂದರು. ವಾಟ್ಸಾಪಿನಲ್ಲಿ ಮೆಸೇಜು, ಐರ್ಲೆಂಡಿನ ಕಾರ್ಕ್ ಎಂಬ ಊರಿಂದ. ಧಾರವಾಡದ ಕಡೆಯ ಹೆಣ್ಣುಮಗಳು. ಇನ್ನೊಂದೂವರೆ ತಿಂಗಳಿಗೆ ಹೆರಿಗೆ. ಅವ್ವ ಬರಬೇಕಿತ್ತು, ವೀಸಾ ಹೊತ್ತಿಗೆ ಸರಿಯಾಗಿ ಸಿಗಲಿಲ್ಲ. ಅವ್ವ ಬರದಿದ್ದರೂ ಕುಂಚಿಗೆಯಾದರೂ ಬರಲಿ ಅಂತ ಹುಡುಕಿದಾಗ ಈ ಪುಟ ಸಿಕ್ಕಿತಂತೆ. ದುಡ್ಡನ್ನು ಅವ್ವನೇ ಧಾರವಾಡದಿಂದ ಫೋನಿನಲ್ಲಿ ಹಾಕುತ್ತಾರೆ.

ಕಾಕಾನಿಗೆ ಖುಷಿಗಿಂತ ದಿಗಿಲೇ ಜಾಸ್ತಿ ಆಗಿತ್ತು. ಕಾರಣ, ಕೊನೇ ಸಾಲು: "ತಲೆ ಸುತ್ತು 35 ಇಟ್ಟುಕೊಳ್ಳಿ."

"ತಮ್ಮಾ, ಮೂವತ್ತೈದ ಇಂಚಿನ ತಲಿ ಅಂದ್ರ ಅದು ಕೂಸೋ, ಎಮ್ಮಿ ಕರಾನೋ?"

ಟೇಪ್ ತಿರುಗಿಸಿ ತೋರಿಸಿದೆ. ಅದರ ಹಿಂದೆ ಸೆಂಟಿಮೀಟರ್ ಇರುತ್ತದೆ. ಅಷ್ಟು ವರ್ಷ ಅದೇ ಟೇಪ್ ಕೊರಳಲ್ಲಿ ಹಾಕಿಕೊಂಡಿದ್ದರೂ ಕಾಕಾ ಹಿಂದಿನ ಮಗ್ಗುಲು ಬಳಸಿರಲಿಲ್ಲ. 35 ಸೆಂಟಿಮೀಟರ್ ಅಂದರೆ ಹದಿನಾಲ್ಕು ಇಂಚಿಗೆ ಸ್ವಲ್ಪ ಕಡಿಮೆ. ಆಗ ಹುಟ್ಟಿದ ಕೂಸಿನ ತಲೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಆದರೆ ಆರು ತಿಂಗಳಿಗೆ ಅದೇ ತಲೆ ಹದಿನೇಳು ಇಂಚಿನ ಹತ್ತಿರ ಬರುತ್ತದೆ. ಹದಿನಾಲ್ಕಕ್ಕೆ ಹೊಲಿದರೆ ಒಂದು ತಿಂಗಳೂ ತಾಳಲ್ಲ, ಹದಿನೇಳಕ್ಕೆ ಹೊಲಿದರೆ ಕಣ್ಣ ಮೇಲೆ ಬೀಳುತ್ತದೆ. ಊರಲ್ಲಾದರೆ ಲಾಡಿ ಎಳೆದು ಕಟ್ಟಿದರೆ ಮುಗಿಯಿತು. ಇಲ್ಲಿ ಅದಕ್ಕೂ ದಾರಿ ಇರಲಿಲ್ಲ. ಲಾಡಿ, ಗೊಂಡೆ, ಮಣಿ ಯಾವುದೂ ಬೇಡ ಅಂತ ಆಕೆ ಮೊದಲೇ ಬರೆದಿದ್ದಳು. ಸಣ್ಣ ಮಕ್ಕಳ ಬಟ್ಟೆಯ ಮುಸುಕು, ಕುತ್ತಿಗೆಯ ಹತ್ತಿರ ಎಳೆಯುವ ಲಾಡಿ ಇರಬಾರದು ಅಂತ ಯುರೋಪಿನಲ್ಲಿ ಒಂದು ಮಾನದಂಡವೇ ಇದೆ, EN 14682. ಲಾಡಿ ಎಲ್ಲಾದರೂ ಸಿಕ್ಕಿಕೊಂಡರೆ ಕೊರಳು ಬಿಗಿಯುತ್ತದೆ. ಮಣಿ ಕಿತ್ತುಬಂದರೆ ನೇರ ಬಾಯಿಗೆ.

ಕಾಕಾ ಗೊಣಗಿದರು. "ಗೊಂಡೆ ಇಲ್ದ ಕುಂಚಿಗಿ, ಉಪ್ಪಿಲ್ದ ಸಾರು." ಆದರೂ ಎರಡು ದಿನ ತಲೆ ಕೆಡಿಸಿಕೊಂಡು ಮಾಡಿದ್ದು ನೋಡಿ. ಮುಖದ ಸುತ್ತಿನ ಅಳತೆಯನ್ನು ಹದಿನೇಳಕ್ಕೇ ಕತ್ತರಿಸಿದರು. ಆಮೇಲೆ ಬಟ್ಟೆ ಮಡಚಿ ಮೂರು ಟಕ್ ಹಿಡಿದರು, ಕಿವಿಯ ಹಿಂದೆ ಎರಡೂ ಕಡೆ ಒಂದೊಂದು, ಹಿಂದೆ ಮಧ್ಯದಲ್ಲೊಂದು. ಅರ್ಧ ಇಂಚಿನ ಟಕ್ ಒಂದು ಇಂಚು ಬಟ್ಟೆ ನುಂಗುತ್ತದೆ. ಮೂರಕ್ಕೆ ಮೂರಿಂಚು, ಹದಿನಾಲ್ಕಕ್ಕೆ ಸರಿಹೋಯಿತು. ಕೂಸು ಬೆಳೆದ ಹಾಗೆ ಒಂದೊಂದೇ ಬಿಚ್ಚುತ್ತಾ ಹೋಗಬಹುದು.

ಖಣದ ಕಷ್ಟ ಏನೆಂದರೆ, ಹೊಲಿಗೆ ಬಿಚ್ಚಿದ ಮೇಲೂ ಸೂಜಿಯ ತೂತು ಕಾಣುತ್ತದೆ. ಅದಕ್ಕೆ ಟಕ್‌ಗಳಿಗೆ ಯಂತ್ರ ಮುಟ್ಟಿಸಲೇ ಇಲ್ಲ. ಸಣ್ಣ ಸೂಜಿಯಲ್ಲಿ, ಕೈಯಲ್ಲೇ, ಉದ್ದುದ್ದ ಹೊಲಿಗೆ. ಗದ್ದದ ಕೆಳಗೆ ಲಾಡಿಯ ಬದಲು ಅಗಲದ ಗಿಡ್ಡ ಪಟ್ಟಿ, ಅದಕ್ಕೆ ವೆಲ್ಕ್ರೋ. ಮೊದಲ ಸಲ ವೆಲ್ಕ್ರೋದ ಮುಳ್ಳಿನ ಭಾಗ ಖಣದ ಎಳೆ ಕಚ್ಚಿ ಕಿತ್ತಿತು. ಅದನ್ನು ಬಿಚ್ಚಿ ತಿರುಗಾಮುರುಗ ಮಾಡಿದರು, ಮುಳ್ಳು ಅಸ್ತರದ ಕಡೆಗೆ, ಮೆತ್ತನೆಯದು ಹೊರಗೆ. ಮಲಗಿಸುವಾಗ ತೆಗೆದುಬಿಡಿ ಎಂಬ ಚೀಟಿಯನ್ನು ನಾನು ಬರೆದೆ.

ಅಂಚೆ ಕಚೇರಿಗೆ ಹೋಗುವಾಗ ಕಾಕಾ ಕೇಳಿದರು, "ಉಡುಗೊರೆ ಅಂತ ಬರದ್ರ ತೆರಿಗಿ ಇಲ್ಲಂತಲ್ಲ?" ಬೇಡ ಎಂದೆ. ಮಾರಿದ್ದನ್ನು ಉಡುಗೊರೆ ಅನ್ನೋದು ಸುಳ್ಳು. 2021ರ ಜುಲೈನಿಂದ ಹೊರದೇಶದಿಂದ ಯುರೋಪಿಯನ್ ಒಕ್ಕೂಟಕ್ಕೆ ಕೊಂಡು ತರಿಸುವ ಸಾಮಾನು ಎಷ್ಟು ಅಗ್ಗದ್ದಾದರೂ ವ್ಯಾಟ್ ಲೆಕ್ಕಕ್ಕೆ ಬರುತ್ತದೆ. ಮಜಾ ಏನೆಂದರೆ ಐರ್ಲೆಂಡಿನಲ್ಲಿ ಸಣ್ಣ ಮಕ್ಕಳ ಬಟ್ಟೆಗೆ ವ್ಯಾಟ್ ದರವೇ ಸೊನ್ನೆ. ಕಸ್ಟಮ್ಸ್ ಚೀಟಿಯಲ್ಲಿ ಮಗುವಿನ ಬಟ್ಟೆ ಅಂತ ಇದ್ದದ್ದು ಇದ್ದ ಹಾಗೆ ಬರೆದು, ನಿಜವಾದ ಬೆಲೆ ಹಾಕಿ ಕಳಿಸಿದೆವು.

"ಕೂಸು ಹುಟ್ಟೋ ಮುಂಚೆ ಕುಲಾವಿ ಅಂತ ಮಂದಿ ನಗ್ತಾರ," ಎಂದರು ಕಾಕಾ, ವಾಪಸ್ ಬರುವಾಗ ಬಸ್ಸಿನಲ್ಲಿ. "ನಾ ಅದನ್ನ ಖರೇನ ಮಾಡಿದೆ."

ತಲುಪಿತು ಎಂದು ಮೆಸೇಜ್ ಬಂತು. ಆಮೇಲೆ ಸುದ್ದಿಯಿಲ್ಲ. ಬಾಣಂತಿಗೆ ಪುರುಸೊತ್ತೆಲ್ಲಿ? ಮೂರು ತಿಂಗಳ ಮೇಲೆ, ಮೊನ್ನೆ, ಒಂದು ಫೋಟೋ ಬಂದಿದೆ. ಕಿಟಕಿಯ ಹೊರಗೆ ಮಳೆ, ತೊಡೆಯ ಮೇಲೆ ಹಸಿರು ಕುಂಚಿಗೆಯ ಗುಂಡು ಮುಖ. ಅಂಗಡಿಯಲ್ಲಿದ್ದವರೆಲ್ಲ ಕೂಸು ಯಾರ ಹಾಗಿದೆ ಅಂತ ಮಾತಾಡುತ್ತಿದ್ದರೆ ಕಾಕಾ ಕನ್ನಡಕ ಏರಿಸಿ, ಎರಡು ಬೆರಳಲ್ಲಿ ಫೋಟೋ ಹಿಗ್ಗಿಸಿ, ಕಿವಿಯ ಹಿಂದೆ ನೋಡುತ್ತಿದ್ದರು.

"ಎಡಗಡೆ ಟಕ್ ಬಿಚ್ಚ್ಯಾರ ನೋಡು," ಎಂದರು. "ತೂತು ಕಾಣವಲ್ದು."