ಕಾಗುಣಿತಕ್ಕೆ ಗ್ರಾಹಕರೇ ಹೊಣೆ

ಕಳೆದ ವಾರ ಅಣ್ಣನ ಮಗ ಮೊಬೈಲಿಗೆ ಒಂದು ಫೋಟೋ ಕಳಿಸಿದ. ಯಾರದೋ ಮುಂಗೈ, ಅದರ ಮೇಲೆ ಸಾಲಾಗಿ ಕೆಲವು ಕೊಕ್ಕೆ, ಕೆಲವು ಚುಕ್ಕೆ. ಕೆಳಗೆ ಅರ್ಥವೂ ಇತ್ತು: ಪ್ರಾಚೀನ ಪರ್ಷಿಯನ್ ನುಡಿ, 'ರಾಜ ಯಾರಿಗೂ ತಲೆಬಾಗುವುದಿಲ್ಲ'. ರವಿವಾರ ಇದನ್ನೇ ಕೈ ಮೇಲೆ ಹಾಕಿಸಿಕೊಳ್ಳುತ್ತೇನೆ, ಮುಂಗಡ ಕೊಟ್ಟಾಗಿದೆ, ಹೇಗಿದೆ ಕಾಕಾ ಎಂದು ಕೇಳಿದ. ತಿಂಗಳ ಕೊನೆಗೆ ಪೆಟ್ರೋಲಿಗೆ ಅಪ್ಪನ ಮುಂದೆ ತಲೆ ಬಾಗಿಸಿ ನಿಲ್ಲುವ ಹುಡುಗ ಇವನು. ರಾಜರ ಕಷ್ಟ ರಾಜರಿಗೇ ಗೊತ್ತು.

ಫೋಟೋದ ಜೊತೆಗೆ ಟ್ಯಾಟೂ ಅಂಗಡಿಯವರು ಸಹಿ ಮಾಡಿಸಿಕೊಂಡ ಕಾಗದವೂ ಇತ್ತು. ಸೂಜಿ ಹೊಸದು, ಚರ್ಮದ ಕಾಯಿಲೆ ಇದ್ದರೆ ಮೊದಲೇ ಹೇಳತಕ್ಕದ್ದು ಎಂಬ ಒಳ್ಳೆಯ ಮಾತುಗಳ ನಡುವೆ ಒಂದು ಸಾಲು ನನ್ನ ಕಣ್ಣು ಹಿಡಿಯಿತು: 'ಬರಹದ ಅರ್ಥ ಮತ್ತು ಕಾಗುಣಿತಕ್ಕೆ ಗ್ರಾಹಕರೇ ಹೊಣೆ.' ಎಂಥ ಪ್ರಾಮಾಣಿಕ ವ್ಯಾಪಾರ! ಗ್ರಾಹಕನಿಗೆ ಪರ್ಷಿಯನ್ ಬರುವುದಿಲ್ಲ, ಬರೆಯುವವನಿಗೂ ಬರುವುದಿಲ್ಲ, ಫೋಟೋ ಹಾಕಿದವನಿಗೂ ಬರುತ್ತದೆಂಬ ಖಾತ್ರಿಯಿಲ್ಲ. ಮೂವರ ಅಜ್ಞಾನವನ್ನೂ ಒಬ್ಬನ ತೋಳಿಗೆ ಇಳಿಸಿ ರಸೀದಿ ಕೊಡುತ್ತಾರೆ.

ನನ್ನ ಅಜ್ಜಿಯ ಕೈ ಮೇಲೂ ಹಚ್ಚೆ ಇತ್ತು. ಸಿದ್ಧೇಶ್ವರ ಜಾತ್ರೆಯಲ್ಲಿ ಹಾಕಿಸಿಕೊಂಡದ್ದಂತೆ. ಒಂದು ತೊಟ್ಟಿಲು, ಒಂದು ಚೇಳು, ನಾಲ್ಕಾರು ಚುಕ್ಕೆ. ಹಾಕಿದವಳಿಗೂ ಓದು ಬರಹವಿಲ್ಲ, ಹಾಕಿಸಿಕೊಂಡವಳಿಗೂ ಇಲ್ಲ. ಆದ್ದರಿಂದ ಇಬ್ಬರೂ ಅಕ್ಷರದ ತಂಟೆಗೇ ಹೋಗಲಿಲ್ಲ. ಎಪ್ಪತ್ತು ವರ್ಷ ಆ ಚೇಳು ಚೇಳಾಗಿಯೇ ಉಳಿಯಿತು. ಅಕ್ಷರ ಕಲಿತದ್ದು ನಾವು, ಎಡವಟ್ಟು ಶುರುವಾದದ್ದೂ ನಮ್ಮಿಂದಲೇ.

ಫೋಟೋವನ್ನು ಓಣಿಯ ಒಬ್ಬ ನಿವೃತ್ತ ಉರ್ದು ಮಾಸ್ತರರ ಬಳಿಗೆ ಒಯ್ದೆವು. ಹೋಗುವ ಮೊದಲು ಹುಡುಗನಿಗೆ ಒಂದೇ ತಾಕೀತು ಮಾಡಿದ್ದೆ: ಅರ್ಥ ಏನೆಂದು ನೀನು ಬಾಯಿ ಬಿಡಬೇಡ. 'ಇದರಲ್ಲಿ ರಾಜ ತಲೆಬಾಗುವುದಿಲ್ಲ ಎಂದಿದೆ ಅಲ್ಲವೇ?' ಎಂದು ಕೇಳಿದರೆ ನಮ್ಮ ಊರಿನ ದೊಡ್ಡ ಮನಸ್ಸಿನವರು ಹೌದು ಹೌದು ಎಂದುಬಿಡುತ್ತಾರೆ. 'ಇಲ್ಲಿ ಏನು ಬರೆದಿದೆ?' ಎಂದು ಕೇಳಿದರೆ ಮಾತ್ರ ಓದುತ್ತಾರೆ.

ಮಾಸ್ತರರು ಕನ್ನಡಕ ಏರಿಸಿದರು, ಮೊಬೈಲನ್ನು ದೂರ ಹಿಡಿದರು, ಹತ್ತಿರ ಹಿಡಿದರು. 'ಇದು ಬರಹವಲ್ಲ, ಅಕ್ಷರಮಾಲೆ' ಎಂದರು. ಆ ಲಿಪಿ ಬಲದಿಂದ ಎಡಕ್ಕೆ ಓಡುತ್ತದೆ, ಅಕ್ಷರಗಳು ಕೈ ಹಿಡಿದುಕೊಂಡು ನಡೆಯುತ್ತವೆ. ಫೋಟೋದಲ್ಲಿ ಒಂದಕ್ಕೊಂದು ಮುಟ್ಟದೆ, ಜಗಳವಾಡಿದ ಬೀಗರಂತೆ ಬೇರೆ ಬೇರೆ ನಿಂತಿದ್ದವು. ಅದೂ ಎಡದಿಂದ ಬಲಕ್ಕೆ. ವಿನ್ಯಾಸದ ತಂತ್ರಾಂಶಕ್ಕೆ ಆ ಲಿಪಿಯನ್ನು ಜೋಡಿಸುವ ವಿದ್ಯೆ ಕಲಿಸಿರದಿದ್ದರೆ ಅದು ಹೀಗೆಯೇ ಅಕ್ಷರಗಳನ್ನು ಬಿಡಿಸಿ, ತಿರುವಿ ಇಡುತ್ತದೆ. ನಮಗೇನೂ ಇದು ಹೊಸ ರೋಗವಲ್ಲ. ಜಾತ್ರೆಯ ಬ್ಯಾನರಿನಲ್ಲಿ 'ಸಿದ್‌ಧೇಶ್‌ವರ' ಎಂದು ಒತ್ತಕ್ಷರಗಳು ಒಡೆದು ನಿಂತಿದ್ದನ್ನು ನೋಡಿಯೂ ನಾವು ಕೈ ಮುಗಿದು ಮುಂದೆ ಹೋದವರು.

ಮಾಸ್ತರರು ತಿರುವಿದ್ದನ್ನು ತಿರುವಿ ಓದಿದರು: 'ಈನ್ ನೀಜ್ ಬುಗಜರದ್'. ಪರ್ಷಿಯನ್ ಹೌದು. ಅರ್ಥ, 'ಇದೂ ಕಳೆದುಹೋಗುತ್ತದೆ'.

ಹುಡುಗನ ಮುಖ ನೋಡಬೇಕಿತ್ತು. 'ರಾಜ ಎಲ್ಲಿ?' ಎಂದ. ರಾಜ ಇಲ್ಲ. ತಲೆಯೂ ಇಲ್ಲ, ಬಾಗುವುದೂ ಇಲ್ಲ. ಇರುವುದು ಮೂರೇ ಪದ: 'ಈನ್' ಎಂದರೆ ಇದು, 'ನೀಜ್' ಎಂದರೆ ಕೂಡ, ಉಳಿದದ್ದು ಕಳೆದುಹೋಗುವುದು. ಸಾಯುವವರೆಗೂ ಕಳೆಯದ ಮಸಿಯಲ್ಲಿ ಇದನ್ನು ಬರೆಸಿಕೊಳ್ಳುವವರು ಪ್ರಪಂಚದ ತುಂಬ ಇದ್ದಾರೆ, ಅವರ ವಿಷಯ ಬಿಡಿ.

ಸರಿಯಾಗಿ ಬರೆದರೆ ಹೇಗಿರುತ್ತದೆ ಎಂದು ಮಾಸ್ತರರು ಕಾಗದದ ಮೇಲೆ ಬರೆದು ತೋರಿಸಿದರು. ಲಿಪಿ ಬಾರದ ನಮ್ಮಂಥವರೂ ಹಿಡಿಯಬಹುದಾದ ಒಂದು ಲೆಕ್ಕ ಅದರಲ್ಲಿತ್ತು. ಒಟ್ಟು ಅಕ್ಷರ 11. ಆದರೆ ಕೂಡಿಸಿ ಬರೆದಾಗ ಅವು 6 ಗುಂಪುಗಳಾಗುತ್ತವೆ, ಏಕೆಂದರೆ ಅಲಿಫ್, ದಾಲ್, ರೇ ಮುಂತಾದ ಕೆಲವು ಸ್ವಾಭಿಮಾನಿ ಅಕ್ಷರಗಳು ತಮ್ಮ ಮುಂದಿನವರ ಕೈ ಹಿಡಿಯುವುದಿಲ್ಲ. ಬಲತುದಿಯಲ್ಲಿ ಅಲಿಫ್ ಕೋಲಿನಂತೆ ಒಂಟಿಯಾಗಿ ನಿಂತಿರಬೇಕು. ಚುಕ್ಕೆಗಳು 9: ಮೇಲೆ 4, ಕೆಳಗೆ 5. ಫೋಟೋದಲ್ಲಿ 11 ತುಂಡುಗಳಿದ್ದವು, ಅಲಿಫ್ ಎಡತುದಿಯಲ್ಲಿತ್ತು. ಅಲಿಫ್ ಎಡಕ್ಕಿದ್ದೂ ಅಕ್ಷರಗಳು ಕೂಡಿಕೊಂಡೇ ಇದ್ದರೆ ಅದು ಬೇರೆ ಕಾಯಿಲೆ, ಕನ್ನಡಿಯಲ್ಲಿ ತೆಗೆದ ಫೋಟೋ ಎಂದು ತಿಳಿಯಬೇಕು. ನಮ್ಮದರಲ್ಲಿ ಇನ್ನೊಂದು ಗೆರೆಯೂ ಕಾಣೆಯಾಗಿತ್ತು. ಗಾಫ್ ಅಕ್ಷರದ ತಲೆಯ ಮೇಲೆ ಎರಡು ಓರೆಗೆರೆ ಇರಬೇಕು. ಒಂದೇ ಇದ್ದರೆ ಅದು ಕಾಫ್. ಒಂದು ಗೆರೆ ಹೋದರೆ 'ಗ' ಹೋಗಿ 'ಕ' ಬರುತ್ತದೆ, ಪದ ಯಾವ ಭಾಷೆಗೂ ಸೇರದಂತಾಗುತ್ತದೆ.

ಇಷ್ಟಕ್ಕೇ ಮುಗಿಯಿತೆಂದು ನಾನು ಎದ್ದೆ. ಮುಗಿದಿರಲಿಲ್ಲ. ಮಾಸ್ತರರು ಕೊನೆಯ ಪದದ 'ಜ'ವನ್ನು ಜೇ ಎಂಬ ಅಕ್ಷರದಲ್ಲಿ ಬರೆದಿದ್ದರು. ಫೋಟೋದಲ್ಲಿ ಜಾಲ್ ಇತ್ತು. 'ಇದೊಂದು ತಪ್ಪು, ತಿದ್ದಿದ್ದೇನೆ' ಎಂದರು. ಅಷ್ಟರಲ್ಲಿ ಚಹಾಕ್ಕೆ ಬಂದ ಅವರ ಗೆಳೆಯರು, ಅಪ್ಪನಿಂದ ಪರ್ಷಿಯನ್ ಕಲಿತ ಹಿರಿಯರು, ಕಾಗದ ನೋಡಿ ಹುಬ್ಬು ಗಂಟು ಹಾಕಿದರು. ಪರ್ಷಿಯನ್ನಿನಲ್ಲಿ 'ಜ'ಕ್ಕೆ ನಾಲ್ಕು ಅಕ್ಷರಗಳಂತೆ, ಕಿವಿಗೆ ನಾಲ್ಕೂ ಒಂದೇ. ಕಳೆದುಹೋಗುವ ಕ್ರಿಯಾಪದಕ್ಕೆ ಪರ್ಷಿಯನ್ನರು ಜಾಲ್ ಬರೆಯುತ್ತಾರೆ. ಅದೇ ಪದ ಉರ್ದುವಿಗೆ ಬಂದು 'ಗುಜರ್‌ನಾ' ಆದಾಗ ಈಗಿನವರು ಜೇ ಬರೆಯುತ್ತಾರೆ. ಇಬ್ಬರೂ ಸರಿ, ಆದರೆ ಒಂದೇ ತೋಳಿನ ಮೇಲೆ ಇಬ್ಬರೂ ಸರಿಯಾಗುವಂತಿಲ್ಲ. ಅಂದರೆ ಆ ಇಡೀ ಫೋಟೋದಲ್ಲಿ ಸರಿಯಾಗಿದ್ದುದೇ ಆ ಒಂದು ಅಕ್ಷರ, ನಾವು ತಿದ್ದಿಸಿಕೊಂಡು ಹೊರಟದ್ದೂ ಅದನ್ನೇ! ಇದನ್ನು ಚುಕ್ಕೆಯ ಲೆಕ್ಕದಿಂದ ಹಿಡಿಯಲು ಆಗುವುದಿಲ್ಲ. ಜಾಲ್‌ಗೂ ಒಂದು ಚುಕ್ಕೆ, ಜೇಗೂ ಒಂದು ಚುಕ್ಕೆ. ಲಿಪಿ ಬಲ್ಲವರು ಸಿಕ್ಕರೆ ಸಾಲದು, ಆ ಭಾಷೆಯನ್ನೇ ಬಲ್ಲವರು ಬೇಕು.

ಇದಕ್ಕೆ ತಿರುಗುಮುರುಗಾದ ಕಥೆಯೊಂದಿದೆ. ಫುಟ್‌ಬಾಲ್ ಆಟಗಾರ ಡೇವಿಡ್ ಬೆಕಮ್ ತನ್ನ ಹೆಂಡತಿಯ ಹೆಸರನ್ನು ದೇವನಾಗರಿಯಲ್ಲಿ ಕೈ ಮೇಲೆ ಬರೆಸಿಕೊಂಡ. 'ವ್ಹಿಕ್ಟೋರಿಯಾ' ಎಂದಿದೆ, ಹಿಂದಿಯ ಕಾಗುಣಿತ ತಪ್ಪು, ನಡುವೆ ಒಂದು 'ಹ' ಹೆಚ್ಚಾಗಿದೆ ಎಂದು ಜಗತ್ತೆಲ್ಲ ನಕ್ಕಿತು. ಸೊಲ್ಲಾಪುರದ ಬಸ್ಸಿನಲ್ಲಿ ಒಮ್ಮೆ ಕೂತು ಬಂದವರು ಯಾರೂ ನಗುತ್ತಿರಲಿಲ್ಲ. ಮರಾಠಿಯವರು ಇಂಗ್ಲಿಷಿನ ಆ 'ವಿ'ಯನ್ನು 'ವ್ಹಿ' ಎಂದೇ ಬರೆಯುತ್ತಾರೆ. ಹಿಂದಿಯಲ್ಲಿ ತಪ್ಪಾದದ್ದು ನಮ್ಮ ಗಡಿಯಾಚೆ ನಿಷ್ಕಳಂಕ ಮರಾಠಿ. ಪಾಪ, ಅವನು ಯಾವ ಭಾಷೆಯಲ್ಲಿ ಹೆಂಡತಿಯನ್ನು ಪ್ರೀತಿಸುತ್ತಿದ್ದೇನೆಂದು ಮೊದಲೇ ತೀರ್ಮಾನಿಸಬೇಕಿತ್ತು.

ಹಿರಿಯರು ಚಹಾ ಮುಗಿಸಿ, ಗೋಲಗುಂಬಜದ ಮಾತು ತೆಗೆದರು. ನಾವೆಲ್ಲ ಅಲ್ಲಿಗೆ ಹೋಗುವುದು ಕೂಗುವುದಕ್ಕೆ. ಕೂಗಿದ್ದು ಏಳು ಸಲ ಕೇಳಿತೋ ಎಂಟು ಸಲವೋ ಎಂದು ಎಣಿಸಿ ಕೆಳಗಿಳಿಯುತ್ತೇವೆ. ದಕ್ಷಿಣದ ಬಾಗಿಲಿನ ಮೇಲೆ ಮೂರು ಪರ್ಷಿಯನ್ ಬರಹಗಳಿವೆ, ಅವನ್ನು ಎಣಿಸಿದವರು ಕಡಿಮೆ. ಆ ಲಿಪಿಯ ಪ್ರತಿ ಅಕ್ಷರಕ್ಕೂ ಒಂದು ಬೆಲೆಯಿದೆ, ಅಬ್ಜದ್ ಎನ್ನುತ್ತಾರೆ. ಮೂರರಲ್ಲಿ ಯಾವುದರ ಅಕ್ಷರಗಳನ್ನು ಕೂಡಿಸಿದರೂ 1067 ಬರುತ್ತದೆ. ಮುಹಮ್ಮದ್ ಆದಿಲ್ ಶಾಹ ತೀರಿಕೊಂಡ ಹಿಜರಿ ವರ್ಷ ಅದು, ನಮ್ಮ ಲೆಕ್ಕದಲ್ಲಿ 1656. 'ಆಕಿಬತ್ ಮಹಮೂದ್ ಶುದ್ ಮುಹಮ್ಮದ್' ಎಂಬುದನ್ನು ಅವರು ಪೆನ್ಸಿಲಿನಲ್ಲಿ ಕೂಡಿಸಿ ತೋರಿಸಿದರು. ಕೊನೆಗೆ ಮುಹಮ್ಮದ್ ಸ್ತುತ್ಯನಾದ ಎಂದು ಅರ್ಥ. ಆಕಿಬತ್ 573, ಮಹಮೂದ್ 98, ಶುದ್ 304, ಮುಹಮ್ಮದ್ 92. ಒಟ್ಟು 1067. ಮಹಮೂದ್‌ನಲ್ಲಿರುವ ವಾವ್ ಎಂಬ ಒಂದು ಅಕ್ಷರ ತಪ್ಪಿಹೋದರೆ 6 ಕಡಿಮೆಯಾಗಿ ಸುಲ್ತಾನ ಆರು ವರ್ಷ ಮೊದಲೇ ಸಾಯಬೇಕಾಗುತ್ತಿತ್ತು. ಸಮಾಧಿ ಕಟ್ಟಿಸುತ್ತಿದ್ದವನಿಗೆ ಅದು ಹಿಡಿಸುತ್ತಿರಲಿಲ್ಲ. 'ನಿಮ್ಮ ಜಾಲ್‌ನ ಬೆಲೆ 700, ಜೇಯ ಬೆಲೆ 7' ಎಂದು ಹಿರಿಯರು ಹುಡುಗನಿಗೆ ಹೇಳಿದರು. '693 ವರ್ಷದ ವ್ಯತ್ಯಾಸ, ತಮ್ಮಾ. ಕೈ ಮೇಲೆ ಏನು ಮಹಾ ಎನ್ನಬೇಡ.'

ನಗುತ್ತಾ ಮನೆಗೆ ಬಂದೆ. ರಾತ್ರಿ ಆ ಕಾಗದದ ಸಾಲು ಮತ್ತೆ ನೆನಪಾಗಿ ನಗು ಬರಲಿಲ್ಲ. ಕಾಗುಣಿತಕ್ಕೆ ಗ್ರಾಹಕರೇ ಹೊಣೆ. ಟ್ಯಾಟೂ ಅಂಗಡಿಯವನು ಇದನ್ನು ಎಲ್ಲಿಂದ ಕಲಿತ? ನಮ್ಮ ತಾಯಿಯ ಹೆಸರನ್ನು ಪಡಿತರ ಚೀಟಿಯಲ್ಲಿ ಒಂದು ರೀತಿ, ಆಧಾರದಲ್ಲಿ ಇನ್ನೊಂದು ರೀತಿ, ಪಿಂಚಣಿ ಪುಸ್ತಕದಲ್ಲಿ ಮೂರನೆಯ ರೀತಿ ಬರೆದವಳು ಅವಳಲ್ಲ. ಬರೆದವರು ಸಂಬಳ ತೆಗೆದುಕೊಳ್ಳುವವರು. ತಿದ್ದಿಸಲು ಬಿಸಿಲಲ್ಲಿ ನಿಂತವಳು ಅವಳು, ಅಫಿಡವಿಟ್ಟಿಗೆ ದುಡ್ಡು ಕೊಟ್ಟವಳು ಅವಳು, ಮೂರೂ ಹೆಸರಿನವಳು ನಾನೇ ಎಂದು ನೋಟರಿಯ ಮುಂದೆ ಪ್ರಮಾಣ ಮಾಡಿದವಳು ಅವಳು. ಅದೂ ಕನ್ನಡ ಹೆಸರು, ಕನ್ನಡ ಲಿಪಿ, ಕನ್ನಡದ ಊರು. ಅಂಗಡಿಯವನು ಕನಿಷ್ಠ ಮೊದಲೇ ಬರೆದು ಸಹಿ ಮಾಡಿಸಿಕೊಳ್ಳುತ್ತಾನೆ.

ಹುಡುಗ ಮಾತ್ರ ಸೋಲಲಿಲ್ಲ. ರಾಜ ಹೋದರೆ ಹೋಗಲಿ, ಇದೂ ಕಳೆದುಹೋಗುತ್ತದೆ ಎಂಬುದೂ ಚೆನ್ನಾಗಿದೆ ಎಂದ. ಹಿರಿಯರು ಜಾಲ್ ಹಾಕಿ, ಗಾಫ್‌ಗೆ ಎರಡು ಗೆರೆ ಎಳೆದು ಕೈಯಾರೆ ಬರೆದುಕೊಟ್ಟರು. ಅದನ್ನು ಮತ್ತೆ ಟೈಪ್ ಮಾಡಬೇಡಿ, ಇದ್ದ ಹಾಗೆಯೇ ಸ್ಟೆನ್ಸಿಲ್ ತೆಗೆಯಿರಿ ಎಂದು ಹೇಳಿ ಅಂಗಡಿಗೆ ಕೊಟ್ಟೆವು. ರವಿವಾರ ಸಂಜೆ ಸ್ಟೆನ್ಸಿಲ್ ಅನ್ನು ಅವನ ಮುಂಗೈಗೆ ಒತ್ತಿ ತೆಗೆದರು. ನೇರಳೆ ಬಣ್ಣದ ಅಚ್ಚು ಚೆನ್ನಾಗಿಯೇ ಬಿದ್ದಿತ್ತು. ಹುಡುಗ ಬೆರಳಿಟ್ಟು ಎಣಿಸಿದ. ಗುಂಪು 6, ಸರಿ. ಅಲಿಫ್ ಬಲಕ್ಕೆ, ಸರಿ. ಗೆರೆ ಎರಡು, ಸರಿ. ಚುಕ್ಕೆ 8.

ಇನ್ನೊಮ್ಮೆ ಎಣಿಸಿದ, 8. ಹಿರಿಯರ ಕಾಗದ ಪಕ್ಕಕ್ಕಿಟ್ಟು ಒಂದೊಂದೇ ಹೋಲಿಸಿದೆವು. ಬಿಟ್ಟುಹೋದದ್ದು ಜಾಲ್‌ನ ಚುಕ್ಕೆ. ಚುಕ್ಕೆ ಇಲ್ಲದ ಜಾಲ್ ಎಂದರೆ ದಾಲ್. ಇಬ್ಬರು ಹಿರಿಯರು ಒಂದು ಗಂಟೆ ಚಹಾ ಆರಿಸಿಕೊಂಡು ವಾದಿಸಿದ ಅಕ್ಷರ ಈಗ ಜಾಲ್ ಅಲ್ಲ, ಜೇಯೂ ಅಲ್ಲ.

ಅಂಗಡಿಯವನು ಕೈಗವಸು ಹಾಕಿಕೊಳ್ಳುತ್ತ ಇಣುಕಿ ನೋಡಿದ. 'ಒಂದು ಚುಕ್ಕೆ ತಾನೇ ಸರ್, ಎಲ್ಲ ಮುಗಿದ ಮೇಲೆ ಎಲ್ಲಿ ಬೇಕೋ ಅಲ್ಲಿ ಹಾಕಿಕೊಡುತ್ತೇನೆ. ಅದಕ್ಕೆ ದುಡ್ಡು ಬೇಡ.'