ನಿಷೇಧಾಜ್ಞೆ ಇದ್ದರೆ ಗುಂಡು ಹಾರಿಸಬಹುದೇ? – ಸತ್ಯಾಂಶ

ಫಾರ್ವರ್ಡ್ ಸಂದೇಶ: "144 ಜಾರಿಯಲ್ಲಿದ್ದಾಗ ಐದು ಜನ ಸೇರಿದರೆ ಪೊಲೀಸರು ನೇರವಾಗಿ ಗುಂಡು ಹಾರಿಸಬಹುದು."

ಇದು ಸುಳ್ಳು. 2024ರ ಜುಲೈ 1ರಿಂದ ಹಳೆಯ 144ರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ ಇದೆ. ಅದನ್ನು ಉಲ್ಲಂಘಿಸಿದವರ ಮೇಲೆ ಪ್ರಕರಣ ದಾಖಲಿಸಬಹುದೇ ಹೊರತು, ಆ ಆದೇಶವೊಂದೇ ಬಲಪ್ರಯೋಗಕ್ಕೆ ಪರವಾನಗಿಯಾಗುವುದಿಲ್ಲ.

ಗುಂಪು ಚದುರಿಸುವ ಅಧಿಕಾರ ಬರುವುದು 148ನೇ ಕಲಂನಿಂದ. ಅದರಂತೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಅಥವಾ ಠಾಣಾಧಿಕಾರಿ, ಠಾಣಾಧಿಕಾರಿ ಇಲ್ಲದಿದ್ದರೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ, ಚದುರುವಂತೆ ಆಜ್ಞಾಪಿಸಬಹುದು. ಜನ ಚದುರದಿದ್ದರೆ ಅಥವಾ ಚದುರುವುದಿಲ್ಲವೆಂಬ ಹಟ ನಡತೆಯಲ್ಲೇ ಕಂಡರೆ ಮಾತ್ರ ಬಲ ಬಳಸಬಹುದು. ಧ್ವನಿವರ್ಧಕದ ಎಚ್ಚರಿಕೆ, ಜಲಫಿರಂಗಿ, ಅಶ್ರುವಾಯು, ಲಾಠಿ ಹೀಗೆ ಹಂತಹಂತವಾಗಿ ಸಾಗುವುದು ವಾಡಿಕೆ; ಗುಂಡು ಕೊನೆಯ ಉಪಾಯ, ಗುಂಪು ಒಡೆದ ಕ್ಷಣವೇ ಬಲಪ್ರಯೋಗ ನಿಲ್ಲಬೇಕು. ಹೊರಹೋಗುವ ದಾರಿಯನ್ನೇ ಮುಚ್ಚಿ ಚದುರಿ ಎನ್ನುವುದು ಕಾಲ್ತುಳಿತಕ್ಕೆ ಆಹ್ವಾನ.

2011ರ ಜೂನ್ 4ರ ತಡರಾತ್ರಿ ದೆಹಲಿಯ ರಾಮಲೀಲಾ ಮೈದಾನದಲ್ಲಿ, ನಿಷೇಧಾಜ್ಞೆ ಹೊರಡಿಸಿದ ಕೆಲವೇ ಗಂಟೆಗಳಲ್ಲಿ, ಬಾಬಾ ರಾಮದೇವ್ ಅವರ ಪ್ರತಿಭಟನೆಗೆ ಬಂದು ಮಲಗಿದ್ದ ಜನರನ್ನು ಪೊಲೀಸರು ತೆರವುಗೊಳಿಸಿದರು. 2012ರಲ್ಲಿ ಸುಪ್ರೀಂ ಕೋರ್ಟ್ ಈ ಕ್ರಮವನ್ನು ತಪ್ಪೆಂದಿತು. ಆಯೋಜಕರಿಗೂ ಹೊಣೆಯ ಒಂದು ಪಾಲು ಹೊರಿಸಿತಾದರೂ, ನಿದ್ರಿಸುತ್ತಿದ್ದವರಿಗೆ ಹೊರಹೋಗಲು ಸಾಕಷ್ಟು ಸಮಯ ಕೊಡಬೇಕಿತ್ತು ಎಂಬುದು ಅದರ ನಿಲುವಾಗಿತ್ತು.